ಸ್ಟ್ರಾ ಚುಚ್ಚಿದ ಕಿತ್ತಳೆ ಮಾಯವಾದಾಗ

2009ರ ಜನವರಿಯಲ್ಲಿ ಅಮೆರಿಕದ ಸೂಪರ್ ಮಾರ್ಕೆಟ್‌ಗಳಲ್ಲಿ ಟ್ರಾಪಿಕಾನಾ ಕಿತ್ತಳೆ ರಸದ ಡಬ್ಬ ಹೊಸ ವೇಷ ತೊಟ್ಟು ಬಂತು. ಒಳಗಿನ ರಸ ಅದೇ. ಹಾಗಿದ್ದೂ ಎರಡು ತಿಂಗಳು ತುಂಬುವ ಮೊದಲೇ ಮಾರಾಟ ಸುಮಾರು ಶೇ. 20ರಷ್ಟು ಕುಸಿಯಿತು. ಮಾಲೀಕ ಸಂಸ್ಥೆಯಾದ ಪೆಪ್ಸಿಕೋ ಫೆಬ್ರುವರಿ ಮುಗಿಯುವುದರೊಳಗೆ ಹಳೆಯ ಡಬ್ಬವನ್ನೇ ಮರಳಿ ತರುವುದಾಗಿ ಪ್ರಕಟಿಸಿತು.

ಬದಲಾಗಿದ್ದು ಏನು? ಹಳೆಯ ಡಬ್ಬದ ಮೇಲೆ ಸ್ಟ್ರಾ ಚುಚ್ಚಿದ ದೊಡ್ಡ ಕಿತ್ತಳೆ ಹಣ್ಣು, ಅಡ್ಡಲಾಗಿ ಎದ್ದು ಕಾಣುವ ಹಸಿರು ಹೆಸರು ಇದ್ದವು. ಹೊಸದರಲ್ಲಿ ಹಣ್ಣಿನ ಬದಲು ರಸ ತುಂಬಿದ ಲೋಟ ಬಂತು. ಹೆಸರು ತೆಳ್ಳಗಾಗಿ ಡಬ್ಬದ ಅಂಚಿನಲ್ಲಿ ಉದ್ದುದ್ದಕ್ಕೆ ನಿಂತಿತು.

ಅಂಗಡಿಯಲ್ಲಿ ತಳ್ಳುಗಾಡಿ ಹಿಡಿದು ನಡೆಯುವವರು ಪ್ರತಿ ಡಬ್ಬವನ್ನೂ ಓದುತ್ತಾ ಹೋಗುವುದಿಲ್ಲ. ದೂರದಿಂದ ಬಣ್ಣ ಮತ್ತು ಆಕಾರ ಕಾಣುತ್ತದೆ, ಹತ್ತಿರ ಬಂದಾಗ ಹೆಸರು, ಕೈಗೆತ್ತಿಕೊಂಡ ಮೇಲಷ್ಟೇ ಉಳಿದ ವಿವರ. ವಿನ್ಯಾಸಕಾರರು ಅಕ್ಷರದ ಗಾತ್ರವನ್ನೂ ಜಾಗವನ್ನೂ ನಿರ್ಧರಿಸುವುದು ಈ ಕ್ರಮ ನೋಡಿಯೇ. ಹೊಸ ಟ್ರಾಪಿಕಾನಾ ಮೊದಲ ಮೆಟ್ಟಿಲಲ್ಲೇ ಎಡವಿತು. ಗುರುತಾಗಿದ್ದ ಹಣ್ಣು ಕಾಣಲಿಲ್ಲ, ಹೆಸರು ಓದಲು ತಲೆ ವಾಲಿಸಬೇಕಾಯಿತು. ತಿರುಳು ಇರುವ ರಸ ಯಾವುದು, ಇಲ್ಲದ್ದು ಯಾವುದು ಎಂದು ಬೇರ್ಪಡಿಸುವುದೂ ಕಷ್ಟವಾಯಿತು. ಇದು ಅಂಗಡಿಯವರ ಸ್ವಂತ ಅಗ್ಗದ ಬ್ರ್ಯಾಂಡಿನಂತಿದೆ ಎಂದು ಗ್ರಾಹಕರು ದೂರಿದರು. ವಿನ್ಯಾಸ ಕೆಟ್ಟದಾಗಿತ್ತು ಎನ್ನಲಾಗದು. ಮೇಜಿನ ಮೇಲೆ ಒಂಟಿಯಾಗಿ ಇಟ್ಟರೆ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಡಬ್ಬಕ್ಕೆ ಒಂಟಿಯಾಗಿ ನಿಲ್ಲುವ ಭಾಗ್ಯ ಎಲ್ಲಿದೆ?

ಗಾತ್ರದ ಕಥೆ ಇನ್ನೂ ಸೂಕ್ಷ್ಮ. ಇದೇ ಟ್ರಾಪಿಕಾನಾ 2010ರಲ್ಲಿ 64 ಔನ್ಸಿನ ಡಬ್ಬವನ್ನು 59ಕ್ಕೆ ಇಳಿಸಿತು. 2024ರಲ್ಲಿ 52 ಔನ್ಸಿನ ಬಾಟಲಿಯ ಜಾಗಕ್ಕೆ 46 ಔನ್ಸಿನದು ಬಂತು. ಬೆಲೆ ಏರಿದರೆ ಕೊಳ್ಳುವವರಿಗೆ ತಕ್ಷಣ ತಿಳಿಯುತ್ತದೆ, ಅಳತೆ ಇಳಿದರೆ ಸುಲಭಕ್ಕೆ ತಿಳಿಯದು. ಪೊಟ್ಟಣದ ಮುಂಭಾಗದ ಅಗಲ, ಎತ್ತರ ಹಾಗೇ ಉಳಿಸಿ ದಪ್ಪ ಮಾತ್ರ ತಗ್ಗಿಸಿದರೆ ಶೆಲ್ಫಿನಲ್ಲಿ ಅದು ಮೊದಲಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಆದರೆ 2024ರ ಬಾಟಲಿಯ ಆಕಾರವೇ ಬದಲಾಗಿದ್ದರಿಂದ ಜನರಿಗೆ ಗೊತ್ತಾಗಿಬಿಟ್ಟಿತು, ದೂರುಗಳೂ ಬಂದವು.

ನಮ್ಮ ಐದು, ಹತ್ತು ರೂಪಾಯಿಯ ಬಿಸ್ಕತ್ತು, ಚಿಪ್ಸ್ ಪೊಟ್ಟಣಗಳಲ್ಲೂ ಇದೇ ಆಟ: ಬೆಲೆ ಅಲುಗುವುದಿಲ್ಲ, ಗ್ರಾಂ ಕರಗುತ್ತದೆ. ಭಾರತದ ನಿಯಮದ ಪ್ರಕಾರ ಪೊಟ್ಟಣದ ಮೇಲೆ ನಿವ್ವಳ ತೂಕವನ್ನೂ ಎಂಆರ್‌ಪಿಯನ್ನೂ ಹಾಕಲೇಬೇಕು. ಬಹುಪಾಲು ಪೊಟ್ಟಣಗಳ ಮೇಲೆ ಗ್ರಾಂ, ಕಿಲೋ ಅಥವಾ ಲೀಟರಿಗೆ ಎಷ್ಟು ಬೆಲೆ ಎಂಬುದನ್ನೂ ಮುದ್ರಿಸಬೇಕಾಗಿದೆ. ಅದನ್ನು ಸಾಮಾನ್ಯವಾಗಿ ಎಂಆರ್‌ಪಿಯ ಆಸುಪಾಸಿನಲ್ಲೇ ಪುಟ್ಟ ಅಕ್ಷರದಲ್ಲಿ ಹಾಕಿರುತ್ತಾರೆ. ಎರಡು ಬ್ರ್ಯಾಂಡುಗಳ ನಡುವೆ ಮನಸ್ಸು ಹೊಯ್ದಾಡಿದಾಗ ಮುಂಭಾಗದ ಚಿತ್ರ ಬಿಟ್ಟು ಆ ಅಂಕಿಯನ್ನು ಹೋಲಿಸಿ ನೋಡಿ.