ಉಪ್ಪಿಟ್ಟಿನ ರವೆ: ಹುರಿದದ್ದು ಸಾಕೆಂದು ತಿಳಿಯುವುದು ಹೇಗೆ?

ಹಾಸ್ಟೆಲುಗಳಲ್ಲಿ ಉಪ್ಪಿಟ್ಟಿಗೆ ‘ಕಾಂಕ್ರೀಟು’ ಎಂಬ ಅಡ್ಡಹೆಸರು ಅಂಟಿಕೊಂಡು ಎಷ್ಟೋ ಕಾಲವಾಯಿತು. ಅದೇ ರವೆ, ಅದೇ ಒಗ್ಗರಣೆಯ ಉಪ್ಪಿಟ್ಟು ಇನ್ನೊಂದು ಮನೆಯಲ್ಲಿ ಉದುರುದುರಾಗಿ, ಘಮಘಮಿಸುತ್ತಾ ತಟ್ಟೆಗೆ ಬರುತ್ತದೆ. ಇಬ್ಬರ ಕೈಯಲ್ಲೂ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಒಂದೇ. ವ್ಯತ್ಯಾಸ ಬಹುಪಾಲು ಹುಟ್ಟುವುದು ಒಗ್ಗರಣೆಗೂ ಮೊದಲು, ಬಾಣಲೆಯಲ್ಲಿ ಬರೀ ರವೆ ಇರುವ ಹತ್ತು ನಿಮಿಷದಲ್ಲಿ.

ಉಪ್ಪಿಟ್ಟು ‘ಹಸಿ ಹಸಿ’ಯಾಗಿದೆ ಎನ್ನುವಾಗ ಜನ ಎರಡು ಬೇರೆ ದೋಷಗಳನ್ನು ಒಂದೇ ಮಾತಿನಲ್ಲಿ ಹೇಳುತ್ತಿರುತ್ತಾರೆ. ಒಂದು, ಹಸಿ ಹಿಟ್ಟಿನ ವಾಸನೆ. ಇನ್ನೊಂದು, ಅಗಿದಾಗ ಕಾಳಿನ ನಡುವೆ ಸಿಗುವ ಗಟ್ಟಿತನ. ಮೊದಲನೆಯದು ಹುರಿಯುವುದರಲ್ಲಿ ಆದ ಕೊರತೆ, ಎರಡನೆಯದು ನೀರಿನಲ್ಲೋ ಬೇಯಿಸುವುದರಲ್ಲೋ ಆದ ಕೊರತೆ. ಇದನ್ನು ಬೇರ್ಪಡಿಸಿ ನೋಡಿದರೆ ಹುರಿಯುವುದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ತಿಳಿಯಾಗುತ್ತದೆ.

ರವೆ ಎಂದರೆ ಗೋಧಿಯ ಒಳತಿರುಳಿನ ಪುಡಿಗಾಳು. ಅದರಲ್ಲಿ ಪಿಷ್ಟವಿದೆ, ಪ್ರೋಟೀನ್ ಇದೆ, ಸ್ವಲ್ಪ ತೇವವೂ ಇದೆ. ಬಾಣಲೆಯ ಬಿಸಿ ತಾಕಿದಾಗ ಮೊದಲು ಆ ತೇವ ಹೊರಟುಹೋಗುತ್ತದೆ. ಕಾಳಿನ ಮೈ ಒಣಗಿದ ಮೇಲೆಯೇ ಬಿಸಿ ಇನ್ನೂ ಏರುತ್ತದೆ. ಆಗ ಅಲ್ಲಿನ ಪ್ರೋಟೀನು ಮತ್ತು ಸಕ್ಕರೆಯಂಶ ಸೇರಿ ಹೊಸ ಪರಿಮಳ ಹುಟ್ಟುತ್ತದೆ, ಬಣ್ಣವೂ ತುಸು ತಿರುಗುತ್ತದೆ. ರೊಟ್ಟಿಯ ಮೇಲೆ ಕಂದು ಚುಕ್ಕೆ ಬಿದ್ದಾಗ ಬರುವ ಘಮಕ್ಕೂ ಇದೇ ಕಾರಣ. ಜೊತೆಗೆ ಗೋಧಿಯ ಅಂಟಿನ ಪ್ರೋಟೀನು ಬಿಸಿಗೆ ತನ್ನ ಅಂಟುಗುಣವನ್ನು ಕಳೆದುಕೊಳ್ಳುತ್ತಾ ಬರುವುದರಿಂದ, ಮುಂದೆ ನೀರು ಬಿದ್ದಾಗ ಕಾಳುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದು ಕಡಿಮೆಯಾಗುತ್ತದೆ.

ಆದರೆ ಹುರಿದ ಮಾತ್ರಕ್ಕೆ ರವೆ ಬೇಯುವುದಿಲ್ಲ. ಪಿಷ್ಟ ಉಬ್ಬಿ ಮೆತ್ತಗಾಗಲು ನೀರು ಬೇಕೇ ಬೇಕು. ಎಷ್ಟು ಕೆಂಪಗೆ ಹುರಿದರೂ, ಆಮೇಲೆ ನೀರು ಕಡಿಮೆ ಹಾಕಿದರೆ ಕಾಳಿನ ನಡುವೆ ಗಟ್ಟಿ ಉಳಿಯುತ್ತದೆ.

ಈಗ ಒಂದು ಲೋಟ ಮಧ್ಯಮ ತರಿಯ ಬಿಳಿ ರವೆಯನ್ನೇ ತೆಗೆದುಕೊಳ್ಳೋಣ. ಅಂಗಡಿಯಲ್ಲಿ ಉಪ್ಪಿಟ್ಟು ರವೆ, ಬಾಂಬೆ ರವೆ ಎಂದು ಕೊಡುವುದು ಇದನ್ನೇ. ದಪ್ಪ ತಳದ, ಅಗಲವಾದ ಬಾಣಲೆ ಬೇಕು. ಒಂದು ಚಮಚ ಎಣ್ಣೆ ಅಥವಾ ತುಪ್ಪ ಹಾಕಿದರೆ ಕಾಳಿಗೆ ತೆಳುವಾಗಿ ಜಿಡ್ಡು ಹತ್ತಿ ಬಿಸಿ ಸಮನಾಗಿ ಹರಡುತ್ತದೆ. ಎಣ್ಣೆಯಿಲ್ಲದೆಯೂ ಹುರಿಯಬಹುದು. ಬಾಣಲೆ ಬೆಚ್ಚಗಾದ ಮೇಲೆ ರವೆ ಸುರಿದು ಉರಿಯನ್ನು ಸಣ್ಣಗೆ ಇಡಬೇಕು.

ಸಣ್ಣ ಉರಿಯೇ ಏಕೆ? ರವೆಯ ಕಾಳುಗಳ ನಡುವೆ ಗಾಳಿ ತುಂಬಿರುವುದರಿಂದ ಬಿಸಿ ಮೇಲಕ್ಕೆ ಬೇಗ ಏರುವುದಿಲ್ಲ. ದೊಡ್ಡ ಉರಿಯಲ್ಲಿ ತಳದ ಕಾಳು ಕಂದಾಗುವ ಹೊತ್ತಿಗೂ ಮೇಲಿನದು ಹಸಿಯಾಗಿಯೇ ಇರುತ್ತದೆ. ಆಮೇಲೆ ಕಲಸಿದರೆ ಅಲ್ಲಲ್ಲಿ ಕಂದು ಚುಕ್ಕೆ ಕಾಣುತ್ತದೆ, ನೋಡಿದವರು ಹದವಾಗಿ ಹುರಿದಿದೆ ಎಂದುಕೊಳ್ಳುತ್ತಾರೆ. ಅಂಥ ಉಪ್ಪಿಟ್ಟಿನಲ್ಲಿ ಸೀದ ಕಹಿಯೂ ಹಸಿ ವಾಸನೆಯೂ ಒಟ್ಟಿಗೇ ಸಿಗುತ್ತವೆ.

ಕೈಯಾಡಿಸುವುದಕ್ಕೂ ಒಂದು ರೀತಿಯಿದೆ. ಮೇಲೆ ಮೇಲೆ ಸುತ್ತಿದರೆ ತಳದ ಪದರ ಅಲ್ಲೇ ಕುಳಿತಿರುತ್ತದೆ. ಚಪ್ಪಟೆ ಸಟ್ಟುಗವನ್ನು ತಳಕ್ಕೆ ತಾಗಿಸಿ, ರವೆಯನ್ನು ಕೆಳಗಿನಿಂದ ಎತ್ತಿ ಮಗುಚಬೇಕು, ಅಂಚಿಗೆ ಸರಿದದ್ದನ್ನು ನಡುವಿಗೆ ಎಳೆದುಕೊಳ್ಳಬೇಕು. ಮೊದಲ ಎರಡು ಮೂರು ನಿಮಿಷ ಸ್ವಲ್ಪ ಬಿಡುವು ಕೊಟ್ಟರೂ ನಡೆಯುತ್ತದೆ. ಘಮ ಏಳಲು ತೊಡಗಿದ ಮೇಲೆ ಕೈ ನಿಲ್ಲಿಸುವಂತಿಲ್ಲ, ಅಲ್ಲಿಂದ ಮುಂದೆ ಬಣ್ಣ ಬಲುಬೇಗ ತಿರುಗುತ್ತದೆ.

ಒಂದು ಲೋಟ ರವೆಗೆ ಸುಮಾರು 8ರಿಂದ 10 ನಿಮಿಷ ಹಿಡಿಯುತ್ತದೆ. ಆದರೆ ಬಾಣಲೆ, ಉರಿ, ತರಿ ಬದಲಾದಂತೆ ಈ ಲೆಕ್ಕವೂ ಬದಲಾಗುವುದರಿಂದ ಗಡಿಯಾರಕ್ಕಿಂತ ಗುರುತುಗಳನ್ನು ನಂಬುವುದು ಲೇಸು. ಶುರುವಿನಲ್ಲಿ ರವೆ ಭಾರವಾಗಿ, ಸಟ್ಟುಗದ ಹಿಂದೆ ಗುಪ್ಪೆಗುಪ್ಪೆಯಾಗಿ ಸಾಗುತ್ತದೆ. ತೇವ ಹೋದ ಮೇಲೆ ಹಗುರಾಗಿ, ಒಣ ಮರಳಿನ ಹಾಗೆ ಸರಸರನೆ ಜಾರುತ್ತದೆ. ಹಿಟ್ಟಿನ ವಾಸನೆ ಅಡಗಿ, ಹುರಿದ ಗೋಧಿಯ ಘಮ ಮೂಗಿಗೆ ಬರುತ್ತದೆ. ಸುಣ್ಣದಂಥ ಬಿಳುಪು ಹೋಗಿ ಕೆನೆಬಣ್ಣ ಮೂಡುತ್ತದೆ. ಒಂದೆರಡು ಕಾಳು ತಿಳಿ ಹೊಂಬಣ್ಣಕ್ಕೆ ತಿರುಗಿದ್ದು ಕಂಡರೆ ಅದೇ ಹದ. ಅನುಮಾನವಿದ್ದರೆ ಒಂದು ಚಿಟಿಕೆ ತೆಗೆದು ಆರಿಸಿ ಬಾಯಿಗೆ ಹಾಕಿಕೊಳ್ಳಬಹುದು. ಹಿಟ್ಟು ಹಿಟ್ಟಾಗಿ ನಾಲಿಗೆಗೆ ಅಂಟಿದರೆ ಇನ್ನೂ ಹುರಿಯಬೇಕು, ಕರುಕುರು ಎಂದರೆ ಸಾಕು.

ಬಣ್ಣವನ್ನೇ ನಂಬಿದರೆ ಬನ್ಸಿ ರವೆಯಲ್ಲಿ ಮೋಸ ಹೋಗುವುದುಂಟು. ಅದು ಹುಟ್ಟಿನಿಂದಲೇ ತುಸು ಹಳದಿ, ತರಿಯೂ ದಪ್ಪ. ಹಸಿಯಾಗಿದ್ದಾಗಲೇ ಹುರಿದಂತೆ ಕಾಣುತ್ತದೆ. ಅಲ್ಲಿ ಘಮವೂ ಹಗುರುತನವೂ ಹೇಳಿದಂತೆ ಕೇಳಬೇಕು, ಎರಡು ಮೂರು ನಿಮಿಷ ಹೆಚ್ಚೇ ಹುರಿಯಬೇಕು. ಚಿರೋಟಿ ರವೆ ಇದಕ್ಕೆ ತದ್ವಿರುದ್ಧ: ಬಲು ನಯವಾದ್ದರಿಂದ ಬೇಗ ಕೆಂಪಾಗುತ್ತದೆ, ಉಪ್ಪಿಟ್ಟಿಗೆ ಬಳಸಿದರೆ ಮುದ್ದೆಯಾಗುವ ಸಂಭವವೂ ಹೆಚ್ಚು.

ಹದ ಬಂದ ತಕ್ಷಣ ಒಲೆ ಆರಿಸಿದರೆ ಸಾಲದು. ದಪ್ಪ ಬಾಣಲೆ ಬಿಸಿ ಹಿಡಿದಿಟ್ಟುಕೊಂಡಿರುವುದರಿಂದ ರವೆ ಅದರಲ್ಲೇ ಇನ್ನಷ್ಟು ಹುರಿಯುತ್ತಾ ಹೋಗುತ್ತದೆ. ಅಗಲವಾದ ತಟ್ಟೆಗೆ ಸುರಿದು ಹರಡಬೇಕು. ರವೆಗೆ ಹುಳ ಬೀಳದಿರಲೆಂದು ತಂದ ದಿನವೇ ಎಲ್ಲವನ್ನೂ ಹುರಿದಿಡುವ ಮನೆಗಳಲ್ಲಿ ಇನ್ನೊಂದು ಎಚ್ಚರವೂ ಬೇಕು: ಪೂರ್ತಿ ಆರುವ ಮುನ್ನ ಡಬ್ಬಿಗೆ ತುಂಬಿದರೆ ಒಳಗೆ ಬೆವೆತು ರವೆ ಗಂಟು ಕಟ್ಟುತ್ತದೆ.

ರವೆಯನ್ನು ಒಗ್ಗರಣೆಯಲ್ಲೇ ಹುರಿಯುವವರೂ ಇದ್ದಾರೆ. ಈರುಳ್ಳಿ, ಟೊಮೆಟೊ ಬಿದ್ದ ಮೇಲೆ ರವೆ ಹಾಕಿದರೆ ಅವುಗಳ ನೀರನ್ನು ಅದು ಹೀರಿಕೊಳ್ಳುತ್ತದೆ. ತೇವವಿರುವವರೆಗೂ ಹುರಿದ ಘಮ ಹುಟ್ಟುವುದಿಲ್ಲ. ಘಮ ಬರಲೆಂದು ಕಾಯುತ್ತಾ ಕುಳಿತರೆ ಉದ್ದಿನಬೇಳೆ, ಕಡಲೆಬೇಳೆ ಕಪ್ಪಾಗುತ್ತವೆ. ಆದ್ದರಿಂದ ರವೆಯನ್ನು ಬೇರೆಯಾಗಿಯೇ ಹುರಿದುಕೊಳ್ಳುವುದು ಮೇಲು.

ಇನ್ನು ನೀರು. ಹುರಿದ ಒಂದು ಲೋಟ ಮಧ್ಯಮ ರವೆಗೆ ಎರಡೂವರೆ ಲೋಟ, ಬನ್ಸಿಗೆ ಸುಮಾರು ಮೂರು. ಒಗ್ಗರಣೆಗೆ ಹಾಕಿದ ನೀರು ಕೊತಕೊತ ಕುದಿಯುವಾಗ ಉರಿ ತಗ್ಗಿಸಿ, ಒಂದು ಕೈಯಲ್ಲಿ ರವೆ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಬೇಕು. ಒಮ್ಮೆಲೇ ಸುರಿದರೆ ಗುಪ್ಪೆಯ ಹೊರಮೈ ಬೆಂದು ಅಂಟಾಗಿ, ಒಳಗಿನ ರವೆಗೆ ನೀರೇ ತಲುಪುವುದಿಲ್ಲ. ಗಂಟು ಒಡೆದಾಗ ಒಳಗೆ ಒಣ ಹಿಟ್ಟು ಕಾಣುವುದು ಇದರಿಂದಲೇ. ನೀರು ಹೀರಿದ ಮೇಲೆ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಬಿಟ್ಟು, ಒಲೆ ಆರಿಸಿ, ಇನ್ನೈದು ನಿಮಿಷ ಹಾಗೇ ಇಟ್ಟರೆ ಹಬೆಯಲ್ಲಿ ಕಾಳು ಪೂರ್ತಿ ಅರಳುತ್ತದೆ.

ಬಡಿಸುವ ಮೊದಲು ಒಂದು ತುತ್ತು ಅಗಿದು ನೋಡಿ. ಕಾಳಿನ ನಡುವೆ ಗಟ್ಟಿ ಸಿಕ್ಕರೆ ಬಿಸಿನೀರು ಚಿಮುಕಿಸಿ, ಮುಚ್ಚಿ, ಮತ್ತೆ ಎರಡು ನಿಮಿಷ ಸಣ್ಣ ಉರಿಯಲ್ಲಿಡಿ, ಸರಿಹೋಗುತ್ತದೆ. ಕಾಳು ಮೆತ್ತಗಿದ್ದೂ ಹಸಿ ಹಿಟ್ಟಿನ ವಾಸನೆ ಬಂದರೆ ಅದಕ್ಕೆ ಆ ಹಂತದಲ್ಲಿ ಮದ್ದಿಲ್ಲ. ತುಪ್ಪ, ನಿಂಬೆರಸ, ಕಾಯಿತುರಿ ಅದನ್ನು ಸ್ವಲ್ಪ ಮರೆಸಬಹುದು ಅಷ್ಟೆ. ಮುಂದಿನ ಸಲ ರವೆ ಕೆನೆಬಣ್ಣಕ್ಕೆ ಬರುವವರೆಗೆ ಸಣ್ಣ ಉರಿಯ ಮುಂದೆ ಇನ್ನೆರಡು ನಿಮಿಷ ಹೆಚ್ಚು ನಿಲ್ಲಿ.