ಸುಬಹಿಗೆ ಎದ್ದ ಉಪ್ಪಾಪ ಬಿದ್ದದ್ದು ಯಾಕೆ?

ಹರಿಹರದಲ್ಲಿ ನಮಗೆ ಪರಿಚಯದ ಮನೆ. 76 ವರ್ಷದ ಉಪ್ಪಾಪ ಸುಬಹಿಗೆ ಮುಂಚೆ ಎದ್ದವರು ಬಾತ್‌ರೂಮಿನ ಬಾಗಿಲಲ್ಲೇ ಬಿದ್ದರು. ಮಣಿಕಟ್ಟಿನ ಎಲುಬು ಮುರಿಯಿತು. ಒದ್ದೆ ನೆಲದಲ್ಲಿ ಜಾರಿದರು ಅಂತ ಮನೆಯವರು ಅಂದುಕೊಂಡರು. ಉಪ್ಪಾಪ ಮಾತ್ರ, "ಜಾರಲಿಲ್ಲ ಮೋನೆ, ಎದ್ದ ಕೂಡಲೇ ಕಣ್ಣು ಕತ್ತಲಾಯಿತು" ಎಂದರು. ಆ ಒಂದು ಮಾತಿನಲ್ಲಿ ಅರ್ಧ ಕಾರಣ ಇತ್ತು.

ಮಲಗಿದವರು ಎದ್ದು ನಿಂತಾಗ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಪ್ರಾಯದವರಲ್ಲಿ ದೇಹ ಅದನ್ನು ತಕ್ಷಣ ಸರಿಮಾಡಿಕೊಳ್ಳುತ್ತದೆ, ವಯಸ್ಸಾದವರಲ್ಲಿ ತಡ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ದೆ ಮಾತ್ರೆ ಇದನ್ನು ಇನ್ನೂ ಹೆಚ್ಚಿಸಬಹುದು. ಈ ಉಪ್ಪಾಪ ಮೊದಲಿನ ಎರಡನ್ನೂ ರಾತ್ರಿ ಒಟ್ಟಿಗೆ ನುಂಗುತ್ತಿದ್ದರು.

ಕುರ್ಚಿಯಲ್ಲಿ ಕೂರಿಸಿ ನೋಡಿದರೆ ಬಿಪಿ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಐದು ನಿಮಿಷ ಮಲಗಿಸಿ ಒಮ್ಮೆ, ನಿಂತು ಒಂದು ನಿಮಿಷಕ್ಕೆ ಮತ್ತೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದೇ ತೊಂದರೆ. ಇವರದ್ದು ಮಲಗಿದಾಗ 138, ನಿಂತಾಗ 112. ಡಾಕ್ಟರು ಮಾತ್ರೆಯ ಹೊತ್ತು, ಪ್ರಮಾಣ ಎರಡನ್ನೂ ಬದಲಿಸಿದರು. ನಾವೇ ಮಾತ್ರೆ ನಿಲ್ಲಿಸಬಾರದು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹರಿಹರದ ತಾಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹೋಗಿ, "ನಿಲ್ಲಿಸಿಯೂ ಬಿಪಿ ನೋಡಿ" ಎಂದು ಕೇಳಿ.

ಇನ್ನರ್ಧ ಕಾರಣ ಮನೆಯೊಳಗೇ ಇತ್ತು. ಮಂಚದಿಂದ ಬಾತ್‌ರೂಮಿನ ತನಕ ಕತ್ತಲೆ. ಸ್ವಿಚ್ ಇದ್ದದ್ದು ಬಾಗಿಲ ಹತ್ತಿರ. ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಅದು ಹಿಮ್ಮಡಿಯನ್ನು ಹಿಡಿಯುವುದಿಲ್ಲ. ಒದ್ದೆಯಾದರೆ ಕಾಲೇ ಅದರೊಳಗೆ ಜಾರುತ್ತದೆ.

ಈಗ ಉಪ್ಪಾಪ ಎಚ್ಚರವಾದ ಕೂಡಲೇ ಏಳುವುದಿಲ್ಲ. ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಪಾದ ಆಡಿಸುತ್ತಾರೆ, ಆಮೇಲೆ ಮಂಚ ಹಿಡಿದು ನಿಲ್ಲುತ್ತಾರೆ. ದಾರಿಯಲ್ಲಿ ರಾತ್ರಿಯಿಡೀ ಸಣ್ಣ ಬಲ್ಬು ಉರಿಯುತ್ತದೆ. ಹಿಂದೆ ಪಟ್ಟಿ ಇರುವ, ಅಡಿ ಜಾರದ ಚಪ್ಪಲಿ ಬಂದಿದೆ. ಮೊದಲು ವುಝೂ ಮಾಡುವಾಗ ಒಂಟಿ ಕಾಲಲ್ಲಿ ನಿಂತು ಪಾದವನ್ನು ಸಿಂಕಿಗೆ ಎತ್ತುತ್ತಿದ್ದರು. ಈಗ ಗಟ್ಟಿ ಸ್ಟೂಲಿನಲ್ಲಿ ಕೂತು ತೊಳೆಯುತ್ತಾರೆ. ಸುಜೂದಿನಿಂದ ಏಳುವಾಗಲೂ ತಲೆ ಸುತ್ತುವುದುಂಟು. ಅಂಥವರು ಕುರ್ಚಿಯಲ್ಲಿ ಕೂತು ನಮಾಝ್ ಮಾಡುವುದಕ್ಕೆ ದೀನಿನಲ್ಲಿ ಅವಕಾಶ ಇದೆ, ಸಂಕೋಚ ಬೇಡ.

ಕಾಲಿನ ಬಲಕ್ಕೆ ಒಂದು ಅಭ್ಯಾಸ. ಗೋಡೆಗೆ ಒತ್ತಿದ ಕುರ್ಚಿಯಿಂದ ನಿಧಾನ ಎದ್ದು ಕೂರುವುದು, ಐದು ಸಲದಿಂದ ಶುರು. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ನಿಮ್ಮ ಮನೆಯ ಹಿರಿಯರು ಬಿದ್ದರೆ "ಎಲ್ಲಿ ಜಾರಿದಿರಿ" ಅಂತ ಮಾತ್ರ ಕೇಳಬೇಡಿ. "ಬೀಳುವ ಮೊದಲು ಏನಾಯಿತು" ಅಂತಲೂ ಕೇಳಿ. ಗದರಿದರೆ ಮುಂದಿನ ಸಲ ಅವರು ಬಿದ್ದದ್ದನ್ನೇ ಮುಚ್ಚಿಡುತ್ತಾರೆ.