ಎಮೋಜಿ ಕ್ಯಾಲೆಂಡರಿನಲ್ಲಿ ಸದಾ ಜುಲೈ 17

ಐಫೋನಿನಲ್ಲಿ ಕ್ಯಾಲೆಂಡರ್ ಆ್ಯಪಿನ ಐಕಾನ್ ದಿನ ಕಳೆದಂತೆ ತಾರೀಖು ಬದಲಿಸುತ್ತದೆ. ಅದೇ ಫೋನಿನ ಕೀಬೋರ್ಡಿನಲ್ಲಿರುವ 📅 ಎಮೋಜಿ ಮಾತ್ರ ವರ್ಷವಿಡೀ ಜುಲೈ 17ರಲ್ಲೇ ಇರುತ್ತದೆ. ಆ್ಯಪಿನ ಐಕಾನನ್ನು ಫೋನು ದಿನವೂ ಹೊಸದಾಗಿ ಬರೆಯುತ್ತದೆ. ಎಮೋಜಿಯಾದರೋ ‘ಅ’, ‘ಆ’ಗಳಂತೆ ಒಂದು ಅಕ್ಷರ. ನೀವು ಕಳಿಸುವುದು U+1F4C5 ಎಂಬ ಸಂಕೇತವನ್ನಷ್ಟೇ. ಅದಕ್ಕೆ ಯಾವ ಚಿತ್ರ ತೋರಿಸಬೇಕೆಂದು ನಿರ್ಧರಿಸುವುದು ನೋಡುವವರ ಫೋನಿನಲ್ಲೋ ಆ್ಯಪಿನಲ್ಲೋ ಇರುವ ಚಿತ್ರಗಳ ಗುಚ್ಛ. ಅದಕ್ಕೆ ಇವತ್ತು ಯಾವ ದಿನವೆಂಬುದರ ಗೊಡವೆಯಿಲ್ಲ.

ಕ್ಯಾಲೆಂಡರ್ ಎಂದ ಮೇಲೆ ಚಿತ್ರಕಾರರು ಯಾವುದಾದರೊಂದು ತಾರೀಖು ಬರೆಯಲೇಬೇಕು. ಆ್ಯಪಲ್ ತನ್ನ ‘ಐಕ್ಯಾಲ್’ ತಂತ್ರಾಂಶವನ್ನು ಘೋಷಿಸಿದ್ದು 2002ರ ಜುಲೈ 17ರಂದು. ಅದೇ ದಿನ ಎಮೋಜಿಗೂ ಬಂತು. ಆ ಚಿತ್ರವನ್ನೇ ನೆಪವಾಗಿಟ್ಟುಕೊಂಡು ಜೆರೆಮಿ ಬರ್ಜ್ 2014ರಲ್ಲಿ ಜುಲೈ 17ನ್ನು ವಿಶ್ವ ಎಮೋಜಿ ದಿನವಾಗಿಸಿದರು. ಮುಂದೆ ಗೂಗಲ್ ಕೂಡ ಅದೇ ತಾರೀಖಿಗೆ ಬಂತು. ವಾಟ್ಸ್ಆ್ಯಪ್ ಮಾತ್ರ ತನ್ನದೇ ಎಮೋಜಿ ಚಿತ್ರದಲ್ಲಿ ತಾನು ಹುಟ್ಟಿದ ದಿನವಾದ ಫೆಬ್ರವರಿ 24ನ್ನು ಹಾಕಿತು. ಹೀಗಾಗಿ ಕಳಿಸಿದವರಿಗೆ ಕಂಡ ತಾರೀಖೇ ಓದುವವರಿಗೂ ಕಾಣುತ್ತದೆ ಎನ್ನುವಂತಿಲ್ಲ.

ಗಡಿಯಾರದ ಕಥೆ ಬೇರೆ. ಅಲ್ಲಿ ವೇಳೆ ಚಿತ್ರಕಾರರ ಇಷ್ಟಕ್ಕೆ ಬಿಟ್ಟದ್ದಲ್ಲ, ಅಕ್ಷರದ ಹೆಸರಿನಲ್ಲೇ ಇದೆ. ಒಂದರಿಂದ ಹನ್ನೆರಡು ಗಂಟೆಯವರೆಗೆ ಹನ್ನೆರಡು, ಒಂದೂವರೆಯಿಂದ ಹನ್ನೆರಡೂವರೆಯವರೆಗೆ ಇನ್ನು ಹನ್ನೆರಡು, ಒಟ್ಟು 24 ಗಡಿಯಾರಗಳು. ಕಾಲು, ಮುಕ್ಕಾಲು ಗಂಟೆಗೆ ಚಿತ್ರವಿಲ್ಲ. ಬೆಳಗ್ಗೆಯೋ ಸಂಜೆಯೋ ಹೇಳುವುದೂ ಇಲ್ಲ.

ಎಡವಟ್ಟಾಗುವುದು ಇಲ್ಲೇ. ನಾಟಕದ ಆಹ್ವಾನವೊಂದು ಹೀಗಿದೆ ಎನ್ನಿ: ‘📅 ನವೆಂಬರ್ 9, 🕓 ಸಂಜೆ 5:30’. ಬರೆದವರಿಗೆ ಎರಡೂ ಬರೀ ಅಲಂಕಾರ. ಆದರೆ 🕓 ಎಂದರೆ ನಾಲ್ಕು ಗಂಟೆ. ಅವಸರದಲ್ಲಿ ಕಣ್ಣಾಡಿಸುವವರಿಗೆ ಮುಳ್ಳುಗಳು ನಾಲ್ಕನ್ನು ತೋರಿಸುತ್ತವೆ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶವು ಕ್ಯಾಲೆಂಡರನ್ನು ‘ಕ್ಯಾಲೆಂಡರ್’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಜುಲೈ 17ರ ಸುದ್ದಿ ಎತ್ತುವುದಿಲ್ಲ. ಗಡಿಯಾರಕ್ಕೆ ಬಂದಾಗ ಮಾತ್ರ ‘ನಾಲ್ಕು ಗಂಟೆ’ ಎಂದು ಹೆಸರು ಹೇಳಿ, ಬೆನ್ನಿಗೇ ‘ಸಂಜೆ 5:30’ ಎನ್ನುತ್ತದೆ. ಕೇಳಿದವರು ನಾಟಕ ನಾಲ್ಕಕ್ಕೋ ಐದೂವರೆಗೋ ಎಂದು ಫೋನ್ ಮಾಡಿ ವಿಚಾರಿಸಬೇಕಾಗುತ್ತದೆ.

ಐದೂವರೆಗೆ ಸರಿಯಾದ ಚಿತ್ರ 🕠. ಕಾರ್ಯಕ್ರಮ 5:45ಕ್ಕಾದರೆ ಅದೂ ಒದಗದು. ಆಗ ⏰ ಹಾಕಬಹುದು. ಅದರ ಮುಖದ ಮೇಲೂ ಯಾವುದೋ ವೇಳೆ ಇರುತ್ತದೆ, ಆದರೆ ಹೆಸರು ಬರೀ ಅಲಾರಂ ಗಡಿಯಾರ. ಗಟ್ಟಿಯಾಗಿ ಓದಿದರೂ ತಪ್ಪು ಗಂಟೆ ಕೇಳಿಸದು. ತಾರೀಖು, ವೇಳೆಯನ್ನಂತೂ ಅಂಕಿಯಲ್ಲೇ ಬರೆಯಬೇಕು.